ಅಮ್ಮನಿಗೆ ಬಾಡಿಗೆ ಕೊಡುವುದು: ತೆರಿಗೆ ತಪ್ಪಿಸುವಿಕೆಯೋ, ತೆರಿಗೆ ವಂಚನೆಯೋ?

ಸಹನಾ, ಧಾರವಾಡ

ನಾನು ಕಾನೂನು ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ತೆರಿಗೆ ಕಾನೂನಿನ ಆಂತರಿಕ ಪರೀಕ್ಷೆಗಾಗಿ ನಮ್ಮ ಅಧ್ಯಾಪಕರು ಒಂದು ಸಮಸ್ಯೆ ಕೊಟ್ಟಿದ್ದಾರೆ. ಇಲ್ಲಿರುವ ಹಿರಿಯರು ಅದನ್ನು ಬಿಡಿಸುವ ದಾರಿ ತೋರಿಸಿದರೆ ಉಪಕಾರವಾಗುತ್ತದೆ.

ಮಗ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಮೂಲ ವೇತನ ತಿಂಗಳಿಗೆ 60,000 ರೂಪಾಯಿ, ಮನೆ ಬಾಡಿಗೆ ಭತ್ಯೆ 24,000 ರೂಪಾಯಿ, ಇದರ ಮೇಲೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಶೇಷ ಭತ್ಯೆ ಇದೆ. ಅವನು ತಾಯಿಯ ಜೊತೆ ರಾಜಾಜಿನಗರದ ಮನೆಯಲ್ಲಿ ವಾಸವಾಗಿದ್ದಾನೆ. ತಂದೆ ತಮ್ಮ ಸಂಪಾದನೆಯಿಂದ ಕಟ್ಟಿಸಿದ ಆ ಮನೆಯ ಖಾತೆ, ಅವರು ತೀರಿಕೊಂಡ ಮೇಲೆ ತಾಯಿಯ ಹೆಸರಿಗೆ ಬಂದಿದೆ. ಮಗನಿಗೆ ಮದುವೆಯಾದ ಒಬ್ಬ ತಂಗಿ ಇದ್ದಾಳೆ. 2024ರ ಏಪ್ರಿಲ್‌ನಿಂದ ಮಗ ತಾಯಿಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಟ್ಟು, ಭತ್ಯೆಯ ಮೇಲೆ ವಿನಾಯಿತಿ ಕೇಳಿದ್ದಾನೆ. ತಂದೆ ಸರ್ಕಾರಿ ನೌಕರರಾಗಿದ್ದುದರಿಂದ ತಾಯಿಗೆ ತಿಂಗಳಿಗೆ 18,000 ರೂಪಾಯಿ ಕುಟುಂಬ ಪಿಂಚಣಿ ಬರುತ್ತದೆ. ಮನೆಯ ಆಸ್ತಿ ತೆರಿಗೆ ವರ್ಷಕ್ಕೆ 10,000 ರೂಪಾಯಿ.

ಪ್ರಶ್ನೆ ಎರಡು. ಈ ಆದಾಯಗಳು ಯಾವ ಯಾವ ಶೀರ್ಷಿಕೆಯಡಿ ಬರುತ್ತವೆ? ಮಗ ಮಾಡಿದ್ದು ತೆರಿಗೆ ತಪ್ಪಿಸುವಿಕೆಯೋ, ತೆರಿಗೆ ವಂಚನೆಯೋ? ತಪ್ಪಿಸುವಿಕೆ ಕಾನೂನುಬದ್ಧ, ವಂಚನೆ ಅಪರಾಧ ಎಂದು ನನ್ನ ಟಿಪ್ಪಣಿಯಲ್ಲಿದೆ. ಆದರೆ ಸರ್ವೋಚ್ಚ ನ್ಯಾಯಾಲಯದ ಮ್ಯಾಕ್‌ಡೊವೆಲ್ ತೀರ್ಪಿನ ಭಾಗಗಳನ್ನು ಓದಿದರೆ ತಪ್ಪಿಸುವಿಕೆಯನ್ನೂ ನ್ಯಾಯಾಲಯ ಒಪ್ಪುವುದಿಲ್ಲ ಎನಿಸುತ್ತದೆ. ಇವೆರಡನ್ನೂ ಹೊಂದಿಸಿಕೊಂಡು ಓದುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಕಿರಣ್, ಕಾನೂನು ವಿದ್ಯಾರ್ಥಿ

ಶೀರ್ಷಿಕೆಗಳ ಭಾಗ ಸುಲಭವಾಗಿದೆ. ಮಗನದು ವೇತನ. ತಾಯಿಗೆ ಬರುವ ಬಾಡಿಗೆ ಮನೆ ಆಸ್ತಿಯ ಆದಾಯ. ಆಕೆಯ ಪಿಂಚಣಿಯೂ ವೇತನವೇ, ಏಕೆಂದರೆ ಕಾಯ್ದೆಯಲ್ಲಿ ವೇತನ ಎಂದರೆ ಪಿಂಚಣಿಯೂ ಸೇರುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಇದು ವಂಚನೆ. ತೆರಿಗೆ ಉಳಿಸುವುದೊಂದೇ ಉದ್ದೇಶದಿಂದ ಮಾಡಿದ ಯಾವುದೇ ವ್ಯವಹಾರಕ್ಕೆ ಮಾನ್ಯತೆ ಇಲ್ಲ ಎಂದು 1985ರಲ್ಲಿ ಮ್ಯಾಕ್‌ಡೊವೆಲ್ ತೀರ್ಪು ಬಂದ ದಿನವೇ, ತೆರಿಗೆ ಕಡಿಮೆಯಾಗುವಂತೆ ತನ್ನ ವ್ಯವಹಾರ ಹೊಂದಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎನ್ನುವ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ತತ್ವ ನಮ್ಮಲ್ಲಿ ಬಿದ್ದುಹೋಯಿತು. ಒಂದೇ ಮನೆಯಲ್ಲಿ ಅಮ್ಮನ ಜೊತೆ ಊಟ ಮಾಡಿಕೊಂಡಿರುವ ಮಗ ಬಾಡಿಗೆ ಕೊಡುತ್ತೇನೆ ಎಂದರೆ ಅದಕ್ಕೆ ಬೇರೆ ಉದ್ದೇಶ ಏನಿರಲು ಸಾಧ್ಯ?

ಹಿರಿಯ ವಕೀಲರು, ಮೈಸೂರು

ಕಿರಣ್ ಅವರ ಉತ್ತರದಲ್ಲಿ ಸರಿಯೂ ಇದೆ, ತಪ್ಪೂ ಇದೆ. ಶೀರ್ಷಿಕೆಗಳನ್ನು ಸರಿಪಡಿಸಿಕೊಳ್ಳದೆ ಎರಡನೆಯ ಪ್ರಶ್ನೆಗೆ ಹೋದರೆ ದಾರಿ ತಪ್ಪುತ್ತದೆ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ತಾಯಿಯ ಕುಟುಂಬ ಪಿಂಚಣಿ ವೇತನವಲ್ಲ. ಒಂದು ಮೊತ್ತ ವೇತನದ ಶೀರ್ಷಿಕೆಗೆ ಬರಬೇಕಾದರೆ, ಕೊಡುವವರಿಗೂ ಪಡೆಯುವವರಿಗೂ ನಡುವೆ ಮಾಲೀಕ ಮತ್ತು ನೌಕರ ಎಂಬ ಸಂಬಂಧ ಈಗ ಇರಬೇಕು, ಇಲ್ಲವೇ ಹಿಂದೆ ಇದ್ದಿರಬೇಕು. ತಂದೆ ಬದುಕಿದ್ದಾಗ ಅವರು ಪಡೆಯುತ್ತಿದ್ದ ಪಿಂಚಣಿ ವೇತನವೇ ಆಗಿತ್ತು, ಏಕೆಂದರೆ ದುಡಿದವರು ಅವರು. ತಾಯಿ ಸರ್ಕಾರದ ನೌಕರಿ ಮಾಡಿದವರಲ್ಲ. ಹಾಗಾಗಿ ಆಕೆಯ ಕೈಯಲ್ಲಿ ಅದು ಇತರ ಮೂಲಗಳ ಆದಾಯವಾಗುತ್ತದೆ. ಇದರಿಂದ ಲೆಕ್ಕವೂ ಬದಲಾಗುತ್ತದೆ. ವೇತನಕ್ಕೆ ಸಿಗುವ ಪ್ರಮಾಣಿತ ಕಡಿತ ಆಕೆಗೆ ಸಿಗುವುದಿಲ್ಲ. ಅದರ ಬದಲು ಪಿಂಚಣಿಯ ಮೂರನೇ ಒಂದು ಭಾಗ ಅಥವಾ ಕಾಯ್ದೆ ಹೇಳಿದ ಮಿತಿ, ಇವೆರಡರಲ್ಲಿ ಕಡಿಮೆಯಾದುದು ಕಡಿತವಾಗುತ್ತದೆ. 2024-25ರಲ್ಲಿ ಆ ಮಿತಿ ಹಳೆಯ ಪದ್ಧತಿಯಲ್ಲಿ 15,000, ಹೊಸ ಪದ್ಧತಿಯಲ್ಲಿ 25,000 ರೂಪಾಯಿ.

ಇನ್ನು ಮಗನ ಲೆಕ್ಕ. ಅವನು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದಾನೆ ಎಂದು ಇಟ್ಟುಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿಯೇ ಇಲ್ಲ, ಈ ಚರ್ಚೆಯೂ ಹುಟ್ಟುವುದಿಲ್ಲ. ಮೂರು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಪಡೆದ ಭತ್ಯೆ 2,88,000. ಕೊಟ್ಟ ಬಾಡಿಗೆ 2,40,000ದಲ್ಲಿ ಮೂಲ ವೇತನದ ಶೇಕಡಾ 10 ಆದ 72,000 ಕಳೆದರೆ 1,68,000. ಆ ವರ್ಷ ಬೆಂಗಳೂರಿಗೆ ಅನ್ವಯಿಸುತ್ತಿದ್ದ, ಮೂಲ ವೇತನದ ಶೇಕಡಾ 40ರ ಲೆಕ್ಕದಲ್ಲಿ 2,88,000. ಇವುಗಳಲ್ಲಿ ಕಡಿಮೆಯಾದ 1,68,000ಕ್ಕೆ ವಿನಾಯಿತಿ, ಉಳಿದ 1,20,000ಕ್ಕೆ ತೆರಿಗೆ. ಈ ಮಗ ಶೇಕಡಾ 30ರ ಹಂತದಲ್ಲಿರುವುದರಿಂದ ಸೆಸ್ ಸೇರಿ ಅವನಿಗೆ ಉಳಿಯುವುದು 52,416 ರೂಪಾಯಿ.

ತಾಯಿಯ ಕಡೆ ಬನ್ನಿ. ಬಾಡಿಗೆ 2,40,000ದಲ್ಲಿ ಆಕೆ ಕಟ್ಟಿದ ಆಸ್ತಿ ತೆರಿಗೆ 10,000 ಕಳೆದು 2,30,000. ಅದರ ಶೇಕಡಾ 30 ಆದ 69,000 ಕಳೆದರೆ ಮನೆ ಆಸ್ತಿಯ ಆದಾಯ 1,61,000. ಆಕೆ ಹೊಸ ಪದ್ಧತಿಯಲ್ಲಿದ್ದರೆ ಪಿಂಚಣಿ 2,16,000ದಲ್ಲಿ 25,000 ಕಳೆದು 1,91,000. ಒಟ್ಟು 3,52,000. ಲೆಕ್ಕಕ್ಕೆ ಬರುವ ತೆರಿಗೆ 2,600 ರೂಪಾಯಿ, ಅದೂ ರಿಯಾಯಿತಿಯಲ್ಲಿ ಪೂರ್ತಿ ಹೋಗಿ ಸೊನ್ನೆಯಾಗುತ್ತದೆ. ಆದರೆ ಆದಾಯ ಆ ವರ್ಷದ ಮಿತಿಯಾದ 3 ಲಕ್ಷ ದಾಟಿರುವುದರಿಂದ ಆಕೆ ರಿಟರ್ನ್ ಸಲ್ಲಿಸಲೇಬೇಕು. ಪರೀಕ್ಷೆಯಲ್ಲಿ ಹೆಚ್ಚಿನವರು ಈ ಸಾಲನ್ನು ಮರೆಯುತ್ತಾರೆ. ನಿಜ ಜೀವನದಲ್ಲಿ ಸಿಕ್ಕಿಬೀಳುವವರು ಮರೆಯುವುದೂ ಇದನ್ನೇ.

ಒಟ್ಟು ಕುಟುಂಬಕ್ಕೆ ಉಳಿದದ್ದು 52,416 ರೂಪಾಯಿ. ಈ ಉಳಿತಾಯ ಸರಿಯೇ ಎಂಬುದು ಎರಡನೆಯ ಪ್ರಶ್ನೆ. ಅದನ್ನು ಸಂಜೆ ಬರೆಯುತ್ತೇನೆ.

ಕಿರಣ್, ಕಾನೂನು ವಿದ್ಯಾರ್ಥಿ

ಪಿಂಚಣಿಯ ವಿಷಯ ಒಪ್ಪಿದೆ ಸರ್. ಒಂದು ಸಂಶಯ. ತಾಯಿ ಮನೆಗೆ ಒಂದು ರೂಪಾಯಿಯ ರಿಪೇರಿಯನ್ನೂ ಮಾಡಿಸದಿದ್ದರೂ 69,000 ಕಳೆಯಬಹುದೇ? 2025ರ ಹೊಸ ಕಾಯ್ದೆ ಬಂದಿರುವಾಗ ಹಳೆಯ ಸೆಕ್ಷನ್‌ಗಳನ್ನು ಇನ್ನೂ ಓದಬೇಕೇ?

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಕಳೆಯಬಹುದು. ಆ ಶೇಕಡಾ 30 ನಿಜವಾದ ಖರ್ಚಿಗೆ ಸಂಬಂಧಪಟ್ಟದ್ದಲ್ಲ. ಮನೆಗೆ ಬಣ್ಣ ಹೊಡೆಸಲು ಆಕೆ 2 ಲಕ್ಷ ಖರ್ಚು ಮಾಡಿದ್ದರೂ 69,000ಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಆಸ್ತಿ ತೆರಿಗೆ ಹಾಗಲ್ಲ. ಮಾಲೀಕರು ಆ ವರ್ಷದಲ್ಲಿ ನಿಜವಾಗಿ ಕಟ್ಟಿದ್ದರೆ ಮಾತ್ರ ಅದನ್ನು ಕಳೆಯಬಹುದು. ಮಗ ತನ್ನ ಖಾತೆಯಿಂದ ಆಸ್ತಿ ತೆರಿಗೆ ಕಟ್ಟಿದ್ದರೆ ತಾಯಿಗೆ ಆ ಕಡಿತ ಸಿಗುವುದಿಲ್ಲ. ಒಂದೇ ಮನೆಯಲ್ಲಿ ಇರುವವರು ಆನ್‌ಲೈನ್‌ನಲ್ಲಿ ಯಾರ ಫೋನ್ ಕೈಗೆ ಸಿಕ್ಕಿತೋ ಅದರಿಂದ ಕಟ್ಟಿಬಿಡುತ್ತಾರೆ, ಆಮೇಲೆ ನನ್ನ ಬಳಿ ಬರುತ್ತಾರೆ.

ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಐದು ಶೀರ್ಷಿಕೆಗಳು ಹಾಗೆಯೇ ಉಳಿದಿವೆ. ನಿಮ್ಮ ಸಮಸ್ಯೆ 2024-25ರ ಆದಾಯದ್ದು, ಅದಕ್ಕೆ 1961ರ ಕಾಯ್ದೆಯೇ ಅನ್ವಯಿಸುತ್ತದೆ.

ಪ್ರಕಾಶ್, ತುಮಕೂರು

ನಾನು ಕಾನೂನು ಓದಿದವನಲ್ಲ, ಆದರೂ ನನ್ನದೂ ಇದೇ ವಿಷಯವಾದ್ದರಿಂದ ಕೇಳುತ್ತಿದ್ದೇನೆ. ನನ್ನ ಉಳಿತಾಯದ ಹಣದಿಂದ ಹೆಂಡತಿಯ ಹೆಸರಿನಲ್ಲಿ ಮನೆ ಕೊಂಡಿದ್ದೇನೆ. ಆಕೆಗೆ ಬೇರೆ ಆದಾಯ ಇಲ್ಲ. ಪ್ರತಿ ತಿಂಗಳೂ ಆಕೆಯ ಖಾತೆಗೆ ಬಾಡಿಗೆ ಹಾಕಿ ಕಂಪನಿಗೆ ರಸೀದಿ ಕೊಡುತ್ತಿದ್ದೇನೆ. ಅಮ್ಮನಿಗೆ ಕೊಡಬಹುದಾದರೆ ಹೆಂಡತಿಗೂ ಕೊಡಬಹುದಲ್ಲವೇ? ಹೇಗೂ ಆಕೆಯ ಆದಾಯ 3 ಲಕ್ಷಕ್ಕಿಂತ ಕಡಿಮೆ ಇದೆ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಪ್ರಕಾಶ್ ಅವರೇ, ನಿಮ್ಮ ಲೆಕ್ಕ ಹಾಗೆ ನಿಲ್ಲುವುದಿಲ್ಲ. ತಾಯಿಗೂ ಹೆಂಡತಿಗೂ ಕಾಯ್ದೆ ಬೇರೆ ಬೇರೆ ನಿಯಮ ಇಟ್ಟಿದೆ. ಸೂಕ್ತ ಪ್ರತಿಫಲ ಪಡೆಯದೆ ಹೆಂಡತಿಗೆ ಕೊಟ್ಟ ಸ್ವತ್ತಿನಿಂದ ಹುಟ್ಟುವ ಆದಾಯವನ್ನು 1961ರ ಕಾಯ್ದೆಯ ಸೆಕ್ಷನ್ 64 ಗಂಡನ ಆದಾಯಕ್ಕೇ ಸೇರಿಸುತ್ತದೆ. ನೀವು ಕೊಟ್ಟ ಹಣ ಮನೆಯ ರೂಪಕ್ಕೆ ಬಂದಿದೆ, ಮನೆ ಬಾಡಿಗೆ ತರುತ್ತಿದೆ, ಆದ್ದರಿಂದ ಆ ಬಾಡಿಗೆ ಮನೆ ಆಸ್ತಿಯ ಆದಾಯವಾಗಿ ನಿಮ್ಮ ರಿಟರ್ನ್‌ನಲ್ಲಿಯೇ ಬರಬೇಕು. ಒಂದು ವೇಳೆ ನಿಮ್ಮ ಹೆಸರಿನಲ್ಲಿದ್ದ ಮನೆಯನ್ನೇ ದಾನಪತ್ರ ಮಾಡಿ ಹೆಂಡತಿಗೆ ಕೊಟ್ಟಿದ್ದರೆ ಸೆಕ್ಷನ್ 27 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವೇ ಮಾಲೀಕರು ಎಂದು ಭಾವಿಸುತ್ತದೆ. ಆಗ ನಿಮ್ಮದೇ ಮನೆಗೆ ನೀವೇ ಬಾಡಿಗೆ ಕೊಟ್ಟಂತೆ ಎಂಬ ಆಕ್ಷೇಪ ಬರುತ್ತದೆ.

ಇದರ ಅರ್ಥ ಹೆಂಡತಿಗೆ ಬಾಡಿಗೆ ಕೊಡಲೇಬಾರದು ಎಂದಲ್ಲ. ಆಕೆ ತನ್ನ ಸ್ವಂತ ಸಂಬಳದಿಂದ ಅಥವಾ ತವರಿನಿಂದ ಬಂದ ಹಣದಿಂದ ಮನೆ ಕೊಂಡಿದ್ದರೆ ಮಾತೇ ಬೇರೆ. ಗಂಡ ಹೆಂಡತಿಗೆ ಬಾಡಿಗೆ ಕೊಡುವಂತಿಲ್ಲ ಎಂಬ ವಾದವನ್ನು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ದೆಹಲಿ ಪೀಠ 2022ರಲ್ಲಿ ತಳ್ಳಿಹಾಕಿದೆ. ನೀವು ಹಿಂದಿನ ವರ್ಷಗಳ ರಿಟರ್ನ್‌ಗಳನ್ನು ಒಬ್ಬರು ಚಾರ್ಟರ್ಡ್ ಅಕೌಂಟೆಂಟ್‌ಗೆ ತೋರಿಸಿ, ತಿದ್ದಲು ಅವಕಾಶವಿರುವ ವರ್ಷಗಳನ್ನು ತಿದ್ದಿಕೊಳ್ಳಿ. ಇಲಾಖೆಯ ನೋಟಿಸ್ ಬರುವ ಮೊದಲು ತಾವಾಗಿಯೇ ತಿದ್ದಿದವರ ಸ್ಥಿತಿಯೇ ಬೇರೆ, ಬಂದ ಮೇಲೆ ತಿದ್ದಲು ಹೊರಟವರ ಸ್ಥಿತಿಯೇ ಬೇರೆ.

ಹಿರಿಯ ವಕೀಲರು, ಮೈಸೂರು

ಪ್ರಕಾಶ್ ಅವರ ಪ್ರಶ್ನೆ ವಿದ್ಯಾರ್ಥಿಗಳಿಗೆ ನಿಜವಾಗಿ ಉಪಯುಕ್ತವಾದುದು. ಹೆಂಡತಿಯ ಹೆಸರಿಗೆ ಆದಾಯ ಹರಿಸಿ ತೆರಿಗೆ ತಪ್ಪಿಸುವುದನ್ನು ಶಾಸಕಾಂಗ ಮುಂಚೆಯೇ ಊಹಿಸಿ, ಆ ಬಾಗಿಲನ್ನು ಸೆಕ್ಷನ್ 64ರಿಂದ ಮುಚ್ಚಿದೆ. ತಂದೆ ತಾಯಿಯರ ವಿಷಯದಲ್ಲಿ ಮುಚ್ಚಿಲ್ಲ. ಅದು ಮರೆವಿನಿಂದ ಉಳಿದ ಕಂಡಿ ಎಂದು ನಾನು ಒಪ್ಪುವುದಿಲ್ಲ, ಏಕೆಂದರೆ ಅದೇ ಸೆಕ್ಷನ್ ಸೊಸೆಯನ್ನೂ ಅಪ್ರಾಪ್ತ ಮಕ್ಕಳನ್ನೂ ಹೆಸರಿಸಿದೆ, ತಂದೆ ತಾಯಿಯರನ್ನು ಹೆಸರಿಸಿಲ್ಲ.

ಈಗ ಮ್ಯಾಕ್‌ಡೊವೆಲ್. ಈ ತೀರ್ಪಿನ ಸಂಗತಿಗಳನ್ನು ಓದದೆ ಅದರ ಮಾತುಗಳನ್ನಷ್ಟೇ ಉಲ್ಲೇಖಿಸುವ ರೂಢಿಯಿಂದಲೇ ಸಹನಾ ಅವರಿಗೆ ಆಗಿರುವ ಗೊಂದಲ ಹುಟ್ಟುತ್ತದೆ. ಅದು ಆದಾಯ ತೆರಿಗೆಯ ಪ್ರಕರಣವೇ ಅಲ್ಲ. ಹೈದರಾಬಾದಿನಲ್ಲಿ ಮದ್ಯ ತಯಾರಿಸುತ್ತಿದ್ದ ಕಂಪನಿಯೊಂದು, ಅಬಕಾರಿ ಸುಂಕವನ್ನು ತಾನು ಕಟ್ಟದೆ ಕೊಳ್ಳುವವರಿಂದಲೇ ನೇರವಾಗಿ ಖಜಾನೆಗೆ ಕಟ್ಟಿಸುವ ಏರ್ಪಾಡು ಮಾಡಿಕೊಂಡು, ಆ ಸುಂಕ ತನ್ನ ವಹಿವಾಟಿನ ಭಾಗವಲ್ಲ, ಅದರ ಮೇಲೆ ಆಂಧ್ರಪ್ರದೇಶದ ಮಾರಾಟ ತೆರಿಗೆ ಬೀಳುವುದಿಲ್ಲ ಎಂದು ವಾದಿಸಿತು. ಸುಂಕದ ಹೊಣೆ ಕಾನೂನಿನ ಪ್ರಕಾರ ತಯಾರಕನದೇ ಆದ್ದರಿಂದ, ಯಾರ ಕೈಯಿಂದ ಕಟ್ಟಿಸಿದರೂ ಅದು ಬೆಲೆಯ ಭಾಗವೇ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ತೀರ್ಮಾನಕ್ಕೆ ಬೇಕಾಗಿದ್ದದ್ದು ಅಷ್ಟೇ.

ಅದೇ ಪೀಠದಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಪ್ರತ್ಯೇಕ ಅಭಿಪ್ರಾಯ ಬರೆದು, ವೆಸ್ಟ್‌ಮಿನ್‌ಸ್ಟರ್ ತತ್ವವನ್ನು ಕೈಬಿಡುವ ಕಾಲ ಬಂದಿದೆ ಎಂಬ ಧಾಟಿಯಲ್ಲಿ ಬಹಳ ಕಟುವಾಗಿ ಮಾತಾಡಿದರು. ಇತರ ನಾಲ್ವರ ಪರವಾಗಿ ಬರೆದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು ಆ ಅಭಿಪ್ರಾಯಕ್ಕೆ ಸಮ್ಮತಿ ಸೂಚಿಸಿದರೂ, ಕಾನೂನಿನ ಚೌಕಟ್ಟಿನೊಳಗಿನ ತೆರಿಗೆ ಯೋಜನೆ ನ್ಯಾಯಯುತವಾಗಿರಬಹುದು, ಆದರೆ ತೋರಿಕೆಯ ಉಪಾಯಗಳು ಅದರ ಭಾಗವಾಗಲಾರವು ಎಂದರು. ವಿದ್ಯಾರ್ಥಿಗಳು ಮೊದಲನೆಯವರ ಮಾತನ್ನು ಕಂಠಪಾಠ ಮಾಡುತ್ತಾರೆ, ಎರಡನೆಯವರ ಸಾಲನ್ನು ಬಿಟ್ಟುಬಿಡುತ್ತಾರೆ. ಮಾರಿಷಸ್ ಜೊತೆಗಿನ ತೆರಿಗೆ ಒಪ್ಪಂದದ ಕುರಿತ 2003ರ ಆಜಾದಿ ಬಚಾವೋ ಆಂದೋಲನ್ ತೀರ್ಪಿನಲ್ಲಿಯೂ, 2012ರ ವೊಡಾಫೋನ್ ತೀರ್ಪಿನಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಮ್ಯಾಕ್‌ಡೊವೆಲ್ ಅನ್ನು ಈ ಎರಡನೆಯ ರೀತಿಯಲ್ಲಿಯೇ ಓದಿತು. ಆದ್ದರಿಂದ ವೆಸ್ಟ್‌ಮಿನ್‌ಸ್ಟರ್ ಬಿದ್ದುಹೋಯಿತು ಎಂದು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ ಕಿರಣ್. ಬೇಕಾದರೆ, ಅದರ ವ್ಯಾಪ್ತಿ ತೋರಿಕೆಯ ವ್ಯವಹಾರಗಳಿಗೆ ಇಲ್ಲ ಎಂದು ಬರೆಯಿರಿ.

ಕಿರಣ್, ಕಾನೂನು ವಿದ್ಯಾರ್ಥಿ

ಆದರೆ ವೊಡಾಫೋನ್ ನಂತರ ತೆರಿಗೆ ತಪ್ಪಿಸುವಿಕೆಯ ವಿರುದ್ಧದ ಸಾಮಾನ್ಯ ನಿಯಮಗಳು, ಅಂದರೆ ಗಾರ್, ಬಂದಿವೆಯಲ್ಲ ಸರ್? ಅವುಗಳ ಪ್ರಕಾರ ಮುಖ್ಯ ಉದ್ದೇಶ ತೆರಿಗೆ ಲಾಭವಾಗಿದ್ದರೆ ಸಾಕು, ಏರ್ಪಾಡನ್ನು ಬದಿಗೆ ಸರಿಸಬಹುದು.

ಹಿರಿಯ ವಕೀಲರು, ಮೈಸೂರು

ಸಾಲದು. ಮುಖ್ಯ ಉದ್ದೇಶ ತೆರಿಗೆ ಲಾಭವಾಗಿರುವುದರ ಜೊತೆಗೆ ಇನ್ನೊಂದು ದೋಷವೂ ಇರಬೇಕು: ಅಪರಿಚಿತರ ನಡುವೆ ಹುಟ್ಟದಂಥ ಹಕ್ಕುಬಾಧ್ಯತೆಗಳು, ಕಾಯ್ದೆಯ ದುರ್ಬಳಕೆ, ವ್ಯಾವಹಾರಿಕ ತಿರುಳಿಲ್ಲದಿರುವುದು ಅಥವಾ ಪ್ರಾಮಾಣಿಕವಲ್ಲದ ರೀತಿ, ಇವುಗಳಲ್ಲಿ ಒಂದಾದರೂ. ಈ ನಿಯಮಗಳು 2017ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಒಂದು ವರ್ಷದಲ್ಲಿ ಎಲ್ಲ ಪಕ್ಷಗಳಿಗೂ ಸೇರಿ ತೆರಿಗೆ ಲಾಭ 3 ಕೋಟಿ ರೂಪಾಯಿ ದಾಟದಿದ್ದರೆ ಇವು ಅನ್ವಯಿಸುವುದಿಲ್ಲ. ನಮ್ಮ ಮಗನ ಲಾಭ 52,416 ರೂಪಾಯಿ. ಇಲ್ಲಿ ಗಾರ್ ಅನ್ನು ಎಳೆದು ತರುವ ಅಗತ್ಯವಿಲ್ಲ.

ಈ ಸಮಸ್ಯೆಗೆ ಬೇಕಾದ ಒರೆಗಲ್ಲು ಸೆಕ್ಷನ್ 10(13ಎ)ಯ ವಿವರಣೆಯಲ್ಲೇ ಇದೆ. ವಾಸದ ಮನೆ ನೌಕರನ ಸ್ವಂತದ್ದಾಗಿದ್ದರೆ ವಿನಾಯಿತಿ ಇಲ್ಲ. ಅವನು ವಾಸ್ತವವಾಗಿ ಬಾಡಿಗೆಯ ವೆಚ್ಚ ಮಾಡಿರದಿದ್ದರೂ ಇಲ್ಲ. ಮಗ ಏಕೆ ಬಾಡಿಗೆ ಕೊಟ್ಟ ಎಂದು ಕಾಯ್ದೆ ಕೇಳುವುದಿಲ್ಲ, ಕೊಟ್ಟನೇ ಎಂದು ಕೇಳುತ್ತದೆ. ಕೊಟ್ಟಿದ್ದರೆ, ತಾಯಿ ಅದನ್ನು ತನ್ನ ಆದಾಯವೆಂದು ತೋರಿಸಿದ್ದರೆ, ತೆರಿಗೆ ಉಳಿಸುವ ಆಸೆಯೇ ಅದರ ಹಿಂದಿದ್ದರೂ ಅದು ಕಾನೂನಿನೊಳಗಿನ ವ್ಯವಹಾರ. ಕೊಡದೆ ರಸೀದಿಯನ್ನಷ್ಟೇ ಬರೆಸಿದ್ದರೆ ಅದು ವಂಚನೆ. ಮೊತ್ತ ಒಂದೇ, ಕಂಪನಿಗೆ ಸಲ್ಲಿಸುವ ನಮೂನೆಯೂ ಒಂದೇ. ನಡೆದ ಸಂಗತಿ ಮಾತ್ರ ಬೇರೆ.

ಸಹನಾ, ಧಾರವಾಡ

ತುಂಬ ಸ್ಪಷ್ಟವಾಯಿತು ಸರ್. ರಸೀದಿ ಮಾತ್ರ ಇದ್ದರೆ ಇಲಾಖೆಗೆ ಹೇಗೆ ತಿಳಿಯುತ್ತದೆ, ತಿಳಿದರೆ ಏನಾಗುತ್ತದೆ ಎಂಬುದನ್ನೂ ಯಾರಾದರೂ ಹೇಳುವಿರಾ?

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

2024-25ರಲ್ಲಿ ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ನೌಕರ ಕಂಪನಿಗೆ ಕೊಡುತ್ತಿದ್ದ 12ಬಿಬಿ ನಮೂನೆಯಲ್ಲಿ ಮನೆ ಮಾಲೀಕರ ಪ್ಯಾನ್ ಸಂಖ್ಯೆ ಬರೆಯಬೇಕಿತ್ತು. ಮಗ ಅಮ್ಮನ ಪ್ಯಾನ್ ಬರೆಯುತ್ತಾನೆ, ಅಮ್ಮ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ, ಅಥವಾ ಪಿಂಚಣಿಯನ್ನಷ್ಟೇ ತೋರಿಸಿರುತ್ತಾರೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಸಾಕು.

ಆಮೇಲೆ ವಿವರಣೆ ಕೇಳುತ್ತಾರೆ. ನಗದಾಗಿ ಕೊಟ್ಟೆ ಎಂದರೆ, ಆ ನಗದು ನಿಮ್ಮ ಖಾತೆಯಿಂದ ಯಾವಾಗ ತೆಗೆದದ್ದು ಎಂಬ ಪ್ರಶ್ನೆ ಬರುತ್ತದೆ. ಅದೇ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ಪೀಠದ ಮುಂದೆ 2017ರಲ್ಲಿ ತೀರ್ಮಾನವಾದ ಪ್ರಕರಣದಲ್ಲಿ, ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆನೆಂದು ಹೇಳಿದ ಮಗಳಿಗೆ ಅದನ್ನು ಸಾಬೀತುಪಡಿಸಲು ಆಗಲಿಲ್ಲ. ಬಾಡಿಗೆಯ ವ್ಯವಹಾರವೇ ತೋರಿಕೆಯದು ಎಂದು ವಿನಾಯಿತಿ ನಿರಾಕರಿಸಲಾಯಿತು. ಗಮನಿಸಿ, ಅಲ್ಲಿ ಸೋತದ್ದು ತಾಯಿಗೆ ಬಾಡಿಗೆ ಕೊಡಬಾರದು ಎಂಬ ಕಾರಣಕ್ಕಲ್ಲ.

ಸುಳ್ಳು ಸಂಗತಿ ಹೇಳಿ ಆದಾಯ ಕಡಿಮೆ ತೋರಿಸಿದ್ದರೆ ಸೆಕ್ಷನ್ 270ಎ ಪ್ರಕಾರ ದಂಡ ಆ ತೆರಿಗೆಯ ಶೇಕಡಾ 200. ನಮ್ಮ ಮಗನಿಗೆ 52,416 ತೆರಿಗೆ, ಅದರ ಮೇಲೆ ಬಡ್ಡಿ, ಜೊತೆಗೆ 1,04,832 ದಂಡ. ಉದ್ದೇಶಪೂರ್ವಕವಾಗಿ ತೆರಿಗೆ ವಂಚಿಸಲು ಯತ್ನಿಸಿದರೆ ಸೆಕ್ಷನ್ 276ಸಿ ಅಡಿ ಕ್ರಿಮಿನಲ್ ಮೊಕದ್ದಮೆಗೂ ಅವಕಾಶವಿದೆ. ಕಾನೂನಿನೊಳಗಿನ ಏರ್ಪಾಡೊಂದನ್ನು ಅಧಿಕಾರಿ ಒಪ್ಪದೆ ಹೋದರೆ ಬರುವುದು ಹೆಚ್ಚುವರಿ ತೆರಿಗೆಯ ಬೇಡಿಕೆ; ಎಲ್ಲ ಸಂಗತಿಗಳನ್ನೂ ಬಿಚ್ಚಿಟ್ಟವನ ಮೇಲೆ ಸುಳ್ಳು ಹೇಳಿದ ಆರೋಪ ಹೊರಿಸುವುದು ಕಷ್ಟ.

ಹಿರಿಯ ವಕೀಲರು, ಮೈಸೂರು

ಇಷ್ಟೆಲ್ಲ ಬರೆದ ಮೇಲೆ, ಅಧ್ಯಾಪಕರು ಸಮಸ್ಯೆಯಲ್ಲಿ ಇಟ್ಟಿರುವ ಒಂದು ಗಂಟಿನ ಕಡೆಗೆ ಎಲ್ಲರ ಗಮನ ಸೆಳೆಯಬೇಕು. ಮನೆ ತಂದೆಯ ಸ್ವಯಾರ್ಜಿತ. ಅವರು ಉಯಿಲು ಬರೆದಿದ್ದರೆಂದು ಸಮಸ್ಯೆಯಲ್ಲಿ ಇಲ್ಲ. ಖಾತೆ ತಾಯಿಯ ಹೆಸರಿಗೆ ಬಂದಿದೆ ಎಂದಷ್ಟೇ ಇದೆ. ಖಾತೆ ಆಸ್ತಿ ತೆರಿಗೆ ವಸೂಲಿಗಾಗಿ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಕುಟುಂಬ ಹಿಂದೂ ಕುಟುಂಬವಾಗಿದ್ದರೆ, ಉಯಿಲಿಲ್ಲದ ತಂದೆಯ ಮನೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಮಗ, ಮಗಳು ಮೂವರಿಗೂ ಸಮನಾಗಿ ಹೋಗುತ್ತದೆ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು.

ಹಾಗಾದರೆ ಮಗ ಆ ಮನೆಯ ಮೂರನೇ ಒಂದು ಭಾಗಕ್ಕೆ ಮಾಲೀಕ. ತನ್ನ ಭಾಗಕ್ಕೆ ಅವನು ಬಾಡಿಗೆ ಕೊಡಲು ಬರುವುದಿಲ್ಲ, ಮತ್ತು ಮನೆ ಅವನ ಸ್ವಂತದ್ದು ಎಂಬ ಆಕ್ಷೇಪ ಅಲ್ಲಿಗೆ ತಾಗುತ್ತದೆ. ತಾಯಿಯ ಕೈಗೆ ಬಂದ ಬಾಡಿಗೆಯಲ್ಲಿ ತಂಗಿಯ ಪಾಲೂ ಇದೆ. ಪಾಲುಗಳು ನಿಶ್ಚಿತವಾಗಿರುವಾಗ ಸೆಕ್ಷನ್ 26ರಂತೆ ಪ್ರತಿಯೊಬ್ಬರ ಆದಾಯವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ನಾನು ಮೇಲೆ ಹಾಕಿದ ಲೆಕ್ಕ ತಾಯಿಯೊಬ್ಬಳೇ ಮಾಲೀಕಳಾಗಿದ್ದರೆ ಮಾತ್ರ ನಿಲ್ಲುತ್ತದೆ.

ಮಗನೂ ಮಗಳೂ ತಾಯಿಯ ಪರವಾಗಿ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಾಯಿಸಿದರೆ ಈ ತೊಡಕು ಹೋಗುತ್ತದೆ. ಅದನ್ನು ತೆರಿಗೆ ಉಳಿಸಲೆಂದೇ ಮಾಡಿದರೂ ನಾನು ಅದನ್ನು ತೋರಿಕೆಯ ಉಪಾಯ ಎನ್ನಲಾರೆ. ಪತ್ರ ನೋಂದಣಿಯಾದ ದಿನದಿಂದ ಮಗನಿಗೆ ಆ ಮನೆಯಲ್ಲಿ ಪಾಲಿಲ್ಲ. ನಾಳೆ ತಾಯಿ ಇಡೀ ಮನೆಯನ್ನು ಮಗಳ ಹೆಸರಿಗೆ ಉಯಿಲು ಬರೆದರೆ ಅವನು ತಡೆಯಲಾರ. ವ್ಯವಹಾರ ನಿಜವಾದದ್ದು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಗುರುತು ಬೇಕೆ?

ಶಶಿಕಲಾ, ವಿಜಯನಗರ

ನಮ್ಮ ಮನೆಯ ಮೇಲಿನ ಎರಡು ಮಹಡಿಗಳಲ್ಲಿ ಪಿಜಿ ನಡೆಸುತ್ತೇವೆ. ಹುಡುಗಿಯರಿಗೆ ಎರಡು ಹೊತ್ತಿನ ಊಟ, ಬಟ್ಟೆ ಒಗೆಯುವ ಯಂತ್ರ, ವೈಫೈ ಎಲ್ಲ ಸೇರಿ ತಿಂಗಳಿಗೆ ಒಂದೇ ಮೊತ್ತ ತೆಗೆದುಕೊಳ್ಳುತ್ತೇವೆ. ನಮ್ಮದೂ ಮನೆ ಆಸ್ತಿಯ ಆದಾಯವೆಂದು ಶೇಕಡಾ 30 ಕಳೆಯಬಹುದೇ, ಇಲ್ಲವೇ ಅಡುಗೆಯವರ ಸಂಬಳ, ಗ್ಯಾಸ್, ದಿನಸಿ ಎಲ್ಲ ಖರ್ಚು ತೋರಿಸಬೇಕೇ?

ಹಿರಿಯ ವಕೀಲರು, ಮೈಸೂರು

ಮೇಡಂ, ಇದಕ್ಕೆ ಒಂದೇ ಸಾಲಿನ ಉತ್ತರ ಕೊಡಲು ನನಗೆ ಧೈರ್ಯವಿಲ್ಲ. ಜಮೀನು ಕೊಂಡು ಅಭಿವೃದ್ಧಿಪಡಿಸಿ ಮಾರುಕಟ್ಟೆಗಳನ್ನು ಬೆಳೆಸುವ ಉದ್ದೇಶದಿಂದ ಸ್ಥಾಪನೆಯಾದ ಕಂಪನಿಗೂ ಅಂಗಡಿ ಮಳಿಗೆಗಳ ಬಾಡಿಗೆ ಮನೆ ಆಸ್ತಿಯ ಆದಾಯವೇ ಎಂದು 1961ರಲ್ಲಿ ಈಸ್ಟ್ ಇಂಡಿಯಾ ಹೌಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. 2015ರಲ್ಲಿ ಚೆನ್ನೈ ಪ್ರಾಪರ್ಟೀಸ್ ಪ್ರಕರಣದಲ್ಲಿ, ಕಟ್ಟಡಗಳನ್ನು ಬಾಡಿಗೆಗೆ ಕೊಡುವುದೇ ಕಂಪನಿಯ ಮುಖ್ಯ ವ್ಯಾಪಾರವಾಗಿದ್ದಾಗ ಅದು ವ್ಯಾಪಾರದ ಆದಾಯ ಎಂದಿತು. ಇದನ್ನು ಆಧರಿಸಿ ಸಾಮಾನ್ಯ ಮನೆ ಮಾಲೀಕರೂ ಬಾಡಿಗೆಯನ್ನು ವ್ಯಾಪಾರದ ಶೀರ್ಷಿಕೆಯಲ್ಲಿ ತೋರಿಸಿ ಖರ್ಚು ಕಳೆಯತೊಡಗಿದ್ದರಿಂದ, 2024ರಲ್ಲಿ ಸೆಕ್ಷನ್ 28ಕ್ಕೆ ವಿವರಣೆ ಸೇರಿಸಿ, ವಾಸದ ಮನೆಯನ್ನು ಅಥವಾ ಅದರ ಭಾಗವನ್ನು ಮಾಲೀಕರು ಬಾಡಿಗೆಗೆ ಕೊಟ್ಟರೆ ಅದು ಮನೆ ಆಸ್ತಿಯ ಆದಾಯವೇ ಎಂದು ಕಟ್ಟುಮಾಡಿದರು.

ನಿಮ್ಮ ಹುಡುಗಿಯರು ಕೊಡುವ ಹಣದಲ್ಲಿ ಕೋಣೆಯ ಬಾಡಿಗೆ ಎಷ್ಟು, ಊಟ ಮತ್ತು ಸೇವೆ ಎಷ್ಟು? ಸೇವೆಯೇ ಪ್ರಧಾನವಾಗಿದ್ದರೆ ಅದನ್ನು ಬರೀ ಬಾಡಿಗೆ ಎನ್ನಲಾಗದು, ವ್ಯಾಪಾರದ ಆದಾಯವೆಂದು ವಾದಿಸಬಹುದು.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ನಾನು ಪಿಜಿಗಳನ್ನು ವ್ಯಾಪಾರದ ಶೀರ್ಷಿಕೆಯಲ್ಲೇ ತೋರಿಸುತ್ತೇನೆ. ಊಟ ಹಾಕಿ, ಕೋಣೆ ಗುಡಿಸಿ, ಹಾಸಿಗೆಯ ಲೆಕ್ಕದಲ್ಲಿ ಹಣ ಪಡೆಯುವುದು ಮನೆ ಬಾಡಿಗೆಗೆ ಕೊಟ್ಟಂತೆ ಅಲ್ಲ. ಆದರೆ ಊಟವೂ ಇಲ್ಲದೆ ಮಂಚ ಹಾಕಿ ಕೋಣೆ ಕೊಟ್ಟವರು 2024ರ ವಿವರಣೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಶಶಿಕಲಾ ಅವರು ಯಾವ ಶೀರ್ಷಿಕೆ ಆರಿಸಿದರೂ ಎರಡು ಕಡೆಯ ಲಾಭವನ್ನೂ ತೆಗೆದುಕೊಳ್ಳುವಂತಿಲ್ಲ: ಶೇಕಡಾ 30 ಕಳೆದು, ಮತ್ತೆ ಅಡುಗೆಯವರ ಸಂಬಳವನ್ನೂ ಅದೇ ಮೊತ್ತದ ವಿರುದ್ಧ ಕಳೆಯಬಾರದು.

ಸಹನಾ, ಧಾರವಾಡ

ನನ್ನ ಸಮಸ್ಯೆಯಲ್ಲಿ ಇನ್ನೊಂದು ಮಾತು ಉಳಿದಿದೆ. ನಮ್ಮ ತರಗತಿಯಲ್ಲಿ ಒಬ್ಬರು ಕೇಳಿದರು: ಮಗ ಪ್ರತಿ ತಿಂಗಳು 5ರಂದು 20,000 ರೂಪಾಯಿ ಅಮ್ಮನ ಖಾತೆಗೆ ಹಾಕುತ್ತಾನೆ, ಅಮ್ಮ ಅದನ್ನು ಮನೆ ಖರ್ಚಿಗೆಂದು ಅವನಿಗೇ ವಾಪಸು ಕೊಡುತ್ತಾರೆ. ಅಮ್ಮ ರಿಟರ್ನ್‌ನಲ್ಲಿ ಬಾಡಿಗೆಯನ್ನು ತೋರಿಸಿದ್ದಾರೆ. ಇದು ಯಾವ ಕಡೆಗೆ ಬೀಳುತ್ತದೆ?

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ನನ್ನ ಅಭಿಪ್ರಾಯದಲ್ಲಿ ಇದು ಕಾನೂನಿನೊಳಗೇ ಇದೆ. ಹಣ ಅಮ್ಮನ ಖಾತೆಗೆ ಬಂದ ಮೇಲೆ ಅದು ಅಮ್ಮನದು. ಅದನ್ನು ಮಗನಿಗೆ ಕೊಡುತ್ತಾರೋ, ದೇವಸ್ಥಾನಕ್ಕೆ ಕೊಡುತ್ತಾರೋ ಅವರಿಗೆ ಬಿಟ್ಟದ್ದು. ತಾಯಿ ಮಗನಿಗೆ ಕೊಟ್ಟ ಉಡುಗೊರೆಗೆ ತೆರಿಗೆಯೂ ಇಲ್ಲ. ಆಕೆ ಆದಾಯ ತೋರಿಸಿಯೂ ಇದ್ದಾರೆ.

ಹಿರಿಯ ವಕೀಲರು, ಮೈಸೂರು

ಇಲ್ಲಿ ನನಗೆ ನಿಮ್ಮೊಂದಿಗೆ ಒಪ್ಪಿಗೆ ಇಲ್ಲ ಮೇಡಂ. ಪ್ರತಿ ತಿಂಗಳೂ ಅಷ್ಟೇ ಮೊತ್ತ ಮರಳುತ್ತಿದ್ದರೆ, ಮರಳಿ ಕೊಡಬೇಕೆಂಬ ಒಪ್ಪಂದ ಮೊದಲೇ ಇತ್ತು ಎಂದು ಅಧಿಕಾರಿ ಹೇಳಬಹುದು. ಹಾಗಿದ್ದರೆ ಮಗ ಬಾಡಿಗೆಯ ವೆಚ್ಚವನ್ನು ವಾಸ್ತವವಾಗಿ ಮಾಡಿದನೇ? ಸೆಕ್ಷನ್ 10(13ಎ)ಯ ಮಾತಿಗೆ ನೇರವಾಗಿ ಬಂದು ನಿಲ್ಲುತ್ತೇವೆ. ತಾಯಿ ಆದಾಯ ತೋರಿಸಿದ್ದು ವಂಚನೆಯ ಉದ್ದೇಶ ಇರಲಿಲ್ಲ ಎನ್ನಲು ನೆರವಾದೀತು, ಆದರೆ ವಿನಾಯಿತಿಯನ್ನು ಉಳಿಸಲಾರದು.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಪೂರ್ವ ಒಪ್ಪಂದ ಇತ್ತೆಂದು ತೋರಿಸುವ ಹೊಣೆ ಯಾರದು ಸರ್? ಒಂದು ಛಾವಣಿಯಡಿ ಇರುವ ತಾಯಿ ಮಗನ ನಡುವೆ ಹಣ ಆಚೀಚೆ ಹೋಗುವುದು ಸಹಜ. ತರಕಾರಿಗೆ, ಔಷಧಿಗೆ, ವಿದ್ಯುತ್ ಬಿಲ್ಲಿಗೆ ಆಕೆ ಕೊಟ್ಟದ್ದನ್ನೆಲ್ಲ ಬಾಡಿಗೆಯ ಮರುಪಾವತಿ ಎಂದರೆ ಯಾವ ಕುಟುಂಬವೂ ಉಳಿಯುವುದಿಲ್ಲ. ಕೆಲವು ತಿಂಗಳು 3,000, ಕೆಲವು ತಿಂಗಳು 8,000 ಮರಳಿದರೆ ನೀವೂ ಆಕ್ಷೇಪಿಸಲಾರಿರಿ ಎಂದುಕೊಂಡಿದ್ದೇನೆ.

ಹಿರಿಯ ವಕೀಲರು, ಮೈಸೂರು

ಅದನ್ನು ಆಕ್ಷೇಪಿಸುವುದಿಲ್ಲ. ಹನ್ನೆರಡು ತಿಂಗಳೂ 6ನೇ ತಾರೀಕಿಗೆ ಸರಿಯಾಗಿ 20,000 ಮರಳಿದರೆ ಮಾತ್ರ ನಾನು ಮಗನ ಪರ ವಾದಿಸಲು ಹಿಂಜರಿಯುತ್ತೇನೆ. ಸಹನಾ, ಉತ್ತರ ಪತ್ರಿಕೆಯಲ್ಲಿ ಎರಡೂ ವಾದಗಳನ್ನು ಬರೆಯಿರಿ, ಮೊದಲು ಮಾಲೀಕತ್ವದ ಪ್ರಶ್ನೆ ಎತ್ತಿ, ಆಮೇಲೆ ಪಾವತಿಯ ಪ್ರಶ್ನೆಗೆ ಬನ್ನಿ. ನಿಮ್ಮ ಅಧ್ಯಾಪಕರು ತಂಗಿಯನ್ನು ಸಮಸ್ಯೆಯೊಳಗೆ ಸುಮ್ಮನೆ ತಂದಿರಲಾರರು.